ಬಿತ್ತಿದ ದಿನದಿಂದ ಶುರುವಾಗುವ ಕ್ಯಾಲೆಂಡರ್

ಬೆಳೆ ಸಲಹೆಯ ಕರಪತ್ರವೊಂದನ್ನು ಕೈಗೆತ್ತಿಕೊಂಡು ನೋಡಿ. ಮೊದಲು ತಳಿಗಳು, ಆಮೇಲೆ ಬೀಜೋಪಚಾರ, ಗೊಬ್ಬರ, ಕಳೆ, ಕೀಟ, ರೋಗ, ಕೊನೆಗೆ ಕೊಯ್ಲು. ನಮ್ಮ ಪಠ್ಯಪುಸ್ತಕದ ಅಧ್ಯಾಯಗಳ ಹಾಗೆ ಎಲ್ಲವೂ ವಿಷಯವಾರು ಜೋಡಣೆಯಾಗಿರುತ್ತದೆ. ಆದರೆ ಹೊಲದಲ್ಲಿ ನಿಂತವರು ಕೇಳುವ ಪ್ರಶ್ನೆ ಬೇರೆ: 'ಈ ವಾರ ನಾನೇನು ಮಾಡಬೇಕು?' ಅದಕ್ಕೆ ಉತ್ತರ ಕರಪತ್ರದಲ್ಲಿ ಇದ್ದೇ ಇರುತ್ತದೆ. ಒಂದು ತುಂಡು ಎರಡನೇ ಪುಟದಲ್ಲಿ, ಇನ್ನೊಂದು ಐದನೇ ಪುಟದಲ್ಲಿ ಚದುರಿರುತ್ತದೆ, ಅಷ್ಟೆ.

ಕಳೆದ ಬೇಸಿಗೆ ರಜೆಯಲ್ಲಿ ನಾನು ಮಾಡಿದ್ದು ಈ ತುಂಡುಗಳನ್ನು ಜೋಡಿಸುವ ಕೆಲಸ. ನಾನು ಬಿ.ಇ. ಮೂರನೇ ವರ್ಷದ ವಿದ್ಯಾರ್ಥಿ. ನಮ್ಮ ಕಾಕಾ ಕಲಬುರಗಿ ಜಿಲ್ಲೆಯ ಆಳಂದ ತಾಲ್ಲೂಕಿನಲ್ಲಿ ನಾಲ್ಕು ಎಕರೆ ಕಪ್ಪು ಭೂಮಿಯಲ್ಲಿ ತೊಗರಿ ಬೆಳೆಯುತ್ತಾರೆ. 2019ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ಕಲಬುರಗಿ ತೊಗರಿ ಇದೇ. ಅವರು ಕೃಷಿ ಮೇಳದ ಮಳಿಗೆಯೊಂದರಲ್ಲಿ ಸಿಕ್ಕ ಕರಪತ್ರದ ಫೋಟೊ ತೆಗೆದು ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿ, 'ಇದನ್ನ ಒಂದು ಹಾಳಿ ಮ್ಯಾಲೆ ತಿಂಗಳಾವಾರ ಮಾಡಿಕೊಡು, ಗೋಡೆಗೆ ಹಚ್ಚತೀನಿ' ಎಂದರು. ನೋಡಲು ಒಂದು ಮಧ್ಯಾಹ್ನದ ಟೈಪಿಂಗ್ ಕೆಲಸ. ನಿಜವಾಗಿ ಅದು ಒಂದು ವಾರ ಹಿಡಿಯಿತು. ಯಾಕೆ ಅಷ್ಟು ದಿನ ಬೇಕಾಯಿತು ಎಂಬುದನ್ನೇ ಇಲ್ಲಿ ಬರೆಯುತ್ತೇನೆ. ನಿಮ್ಮ ಮನೆಯಲ್ಲೂ ಇಂತಹ ಕೆಲಸ ನಿಮ್ಮ ಪಾಲಿಗೆ ಬರಬಹುದು.

ಮಡಿಕೆಯಲ್ಲಿ ಅಡಗುವ ಚುಕ್ಕೆ

ಮೊದಲ ತೊಡಕು ಫೋಟೊದ್ದು. ಮೂರು ಮಡಿಕೆಯ ಕರಪತ್ರವನ್ನು ಪೂರ್ತಿ ಬಿಡಿಸಿ ಫೋಟೊ ತೆಗೆದರೆ ಪುಟಗಳು ಓದುವ ಕ್ರಮದಲ್ಲಿ ಬರುವುದಿಲ್ಲ. ಹೊರಬದಿಯಲ್ಲಿ ಮುಖಪುಟ ಬಲತುದಿಯಲ್ಲಿರುತ್ತದೆ, ಕೊನೆಯ ಪುಟ ನಡುವೆ ಇರುತ್ತದೆ, ಒಳಕ್ಕೆ ಮಡಚಿಕೊಳ್ಳುವ ಪುಟ ಎಡತುದಿಯಲ್ಲಿ. ಎಡದಿಂದ ಬಲಕ್ಕೆ ಓದುತ್ತಾ ಹೋದರೆ ಕೀಟನಾಶಕದ ಸಾಲು ಮುಗಿದ ಮೇಲೆ ಬೀಜದ ಪ್ರಮಾಣ ಶುರುವಾಗುತ್ತದೆ. ಹಾಗಾಗಿ ಚಿತ್ರದಿಂದ ಅಕ್ಷರ ಎತ್ತುವ ತಂತ್ರಾಂಶಕ್ಕೆ ಇಡೀ ಹಾಳೆಯನ್ನು ಕೊಡಬಾರದು. ಆರು ಪುಟಗಳನ್ನೂ ಬೇರೆ ಬೇರೆಯಾಗಿ ಕತ್ತರಿಸಿ, ಸಂಖ್ಯೆ ಹಾಕಿ, ಒಂದೊಂದಾಗಿ ಕೊಡಬೇಕು. ನಾನು ಬಳಸಿದ್ದು ಉಚಿತವಾಗಿ ಸಿಗುವ ಟೆಸೆರಾಕ್ಟ್:

```
tesseract puta2.jpg puta2 -l kan+eng --psm 6
```

ಇಲ್ಲಿ `kan+eng` ಎಂದರೆ ಕನ್ನಡದ ಜೊತೆಗೆ ಇಂಗ್ಲಿಷ್ ಅಕ್ಷರಗಳನ್ನೂ ಗುರುತಿಸು ಎಂದು. ಕೊನೆಯ `6` ಅಂದರೆ ಇದು ಒಂದೇ ಸಮನಾದ ಪಠ್ಯದ ಬ್ಲಾಕ್ ಎಂದು ತಿಳಿಸಿದ ಹಾಗೆ. ಫಲಿತಾಂಶ ಪರವಾಗಿಲ್ಲ ಎನ್ನುವಷ್ಟಿತ್ತು. ಒತ್ತಕ್ಷರಗಳು ಅಲ್ಲಲ್ಲಿ ಬಿದ್ದುಹೋಗಿದ್ದವು. ಅದು ದೊಡ್ಡ ತೊಂದರೆಯಲ್ಲ. 'ಬಿತ್ತನೆ' ಎಂಬುದು 'ಬಿತನೆ' ಆದರೆ ಓದಿದವರಿಗೆ ತಕ್ಷಣ ಗೊತ್ತಾಗುತ್ತದೆ. ಗೊತ್ತಾಗದೇ ಇರುವುದು ಅಂಕಿಯ ತಪ್ಪು. ಕನ್ನಡದ ಸೊನ್ನೆ ೦ ಮತ್ತು ಅನುಸ್ವಾರ ನೋಡಲು ಒಂದೇ. ೫ ಮತ್ತು ೬ ಮಸುಕಾದ ಫೋಟೊದಲ್ಲಿ ಅಣ್ಣತಮ್ಮಂದಿರು. ಇವೆಲ್ಲಕ್ಕಿಂತ ಅಪಾಯಕಾರಿ ಎಂದರೆ ದಶಮಾಂಶದ ಚುಕ್ಕೆ.

ನಮ್ಮ ಕರಪತ್ರದಲ್ಲಿ ಕಾಯಿಕೊರಕದ ಹುಳುವಿಗೆ ಎಮಾಮೆಕ್ಟಿನ್ ಬೆಂಜೊಯೇಟ್ ಎಂಬ ಔಷಧ ಬರೆದಿತ್ತು, ಲೀಟರ್ ನೀರಿಗೆ 0.2 ಗ್ರಾಂ. ಆ ಸಾಲು ಸರಿಯಾಗಿ ಮಡಿಕೆಯ ಮೇಲೆಯೇ ಬಿದ್ದಿತ್ತು. ಫೋಟೊದಲ್ಲಿ ಮಡಿಕೆಯ ನೆರಳಿಗೆ ಸೊನ್ನೆಯೂ ಚುಕ್ಕೆಯೂ ಸೇರಿಹೋಗಿ, ತಂತ್ರಾಂಶ 'ಲೀಟರ್‌ಗೆ 2 ಗ್ರಾಂ' ಎಂದು ಕೊಟ್ಟಿತು. ಹತ್ತು ಪಟ್ಟು ವ್ಯತ್ಯಾಸ! ಕಾಕಾಗೆ ಹೇಳಿ ಬಯಲಲ್ಲಿ, ಹಗಲು ಬೆಳಕಿನಲ್ಲಿ, ಕರಪತ್ರದ ಮೇಲೆ ಗಾಜು ಇಟ್ಟು ಚಪ್ಪಟೆ ಮಾಡಿ ಮತ್ತೊಮ್ಮೆ ಫೋಟೊ ತೆಗೆಸಿದೆ. ವಾಟ್ಸ್‌ಆ್ಯಪ್‌ನಲ್ಲಿ ಅದನ್ನು ಫೋಟೊ ಆಗಿ ಕಳಿಸದೆ 'ಡಾಕ್ಯುಮೆಂಟ್' ಆಗಿ ಕಳಿಸಿ ಎಂದೆ. ಫೋಟೊ ಆಗಿ ಕಳಿಸಿದರೆ ಆ್ಯಪ್ ಅದನ್ನು ಕುಗ್ಗಿಸುತ್ತದೆ, ಮೊದಲು ಹಾಳಾಗುವುದೇ ಚುಕ್ಕೆಯಂತಹ ಸಣ್ಣ ಗುರುತುಗಳು. ಎರಡನೇ ಚಿತ್ರದಲ್ಲಿ 0.2 ಸ್ಪಷ್ಟವಾಗಿ ಕಂಡಿತು.

ಮೂಲ ಹಾಳೆ ಕೈಗೆ ಸಿಗದಿದ್ದರೂ ಇಂತಹ ತಪ್ಪನ್ನು ಹಿಡಿಯಲು ಒಂದು ದಾರಿಯಿದೆ. ಅಂಕಿಯನ್ನು ಎಕರೆಗೆ ಗುಣಿಸಿ ನೋಡುವುದು. ಹೂವಾಡುವ ತೊಗರಿಗೆ ಎಕರೆಗೆ ಸುಮಾರು 200 ಲೀಟರ್ ದ್ರಾವಣ ಬೇಕು ಎಂದುಕೊಳ್ಳಿ. ಲೀಟರ್‌ಗೆ 0.2 ಗ್ರಾಂ ಆದರೆ ಒಟ್ಟು 40 ಗ್ರಾಂ. ಅದೇ 2 ಗ್ರಾಂ ಆದರೆ 400 ಗ್ರಾಂ, ಅಂದರೆ 100 ಗ್ರಾಮಿನ ಪೊಟ್ಟಣ ಎಕರೆಗೆ ನಾಲ್ಕು. ಈ ಲೆಕ್ಕ ಕೇಳಿದ ಕೂಡಲೇ ಕಾಕಾ, 'ಏ ತಮ್ಮಾ, ಅಷ್ಟು ಔಷಧ ಯಾರು ಹೊಡೀತಾರ?' ಎಂದರು. ಅನುಭವ ಇರುವವರ ಕಿವಿಗೆ ತಪ್ಪು ಲೆಕ್ಕ ಕೂಡಲೇ ತಗಲುತ್ತದೆ. ಅದಕ್ಕೇ ಪ್ರತಿ ಅಂಕಿಯನ್ನೂ ಅವರಿಗೆ ಗಟ್ಟಿಯಾಗಿ ಓದಿ ಹೇಳಿದೆ. ಆಮೇಲೆ ಅಂಗಡಿಯಲ್ಲಿ ಪೊಟ್ಟಣದ ಮೇಲಿನ ಸೂಚನೆಯ ಜೊತೆಗೂ ತಾಳೆ ನೋಡಬೇಕು.

ಹೆಕ್ಟೇರ್‌ನಿಂದ ಎಕರೆಗೆ, ಪೋಷಕಾಂಶದಿಂದ ಚೀಲಕ್ಕೆ

ಕರಪತ್ರ ಹೆಕ್ಟೇರ್‌ನಲ್ಲಿ ಮಾತಾಡುತ್ತದೆ, ಊರು ಎಕರೆಯಲ್ಲಿ. ಒಂದು ಹೆಕ್ಟೇರ್ ಅಂದರೆ ಸುಮಾರು ಎರಡೂವರೆ ಎಕರೆ. ಇದು ಸುಲಭ. ಗೊಬ್ಬರದಲ್ಲಿ ಮಾತ್ರ ಇನ್ನೊಂದು ಮೆಟ್ಟಿಲಿದೆ. ಮಳೆಯಾಶ್ರಿತ ತೊಗರಿಗೆ ಕರಪತ್ರ ಹೇಳಿದ್ದು ಹೆಕ್ಟೇರ್‌ಗೆ 25 ಕೆ.ಜಿ. ಸಾರಜನಕ, 50 ಕೆ.ಜಿ. ರಂಜಕ. ಎಕರೆಗೆ ಇಳಿಸಿದರೆ 10 ಮತ್ತು 20. ಆದರೆ ಅಂಗಡಿಯಲ್ಲಿ ರಂಜಕ ಎಂಬ ಹೆಸರಿನ ಚೀಲ ಇರುವುದಿಲ್ಲ, ಡಿ.ಎ.ಪಿ. ಚೀಲ ಇರುತ್ತದೆ. ಅದರಲ್ಲಿ ಶೇ 18 ಸಾರಜನಕ, ಶೇ 46 ರಂಜಕ. 50 ಕೆ.ಜಿ. ಚೀಲದಲ್ಲಿ 9 ಕೆ.ಜಿ. ಸಾರಜನಕ, 23 ಕೆ.ಜಿ. ರಂಜಕ ಆಯಿತು. ಎಕರೆಗೆ ಬೇಕಾದದ್ದು 10 ಮತ್ತು 20. ಅಂದರೆ ಎಕರೆಗೆ ಒಂದು ಚೀಲ ಹಾಕಿದರೆ ಬಹುತೇಕ ಸರಿಹೋಗುತ್ತದೆ.

ಕ್ಯಾಲೆಂಡರ್‌ನಲ್ಲಿ ಬರೆಯಬೇಕಾದ್ದು ಈ ಕೊನೆಯ ಮಾತನ್ನು: 'ಡಿ.ಎ.ಪಿ. ನಾಲ್ಕು ಚೀಲ, ಬಿತ್ತುವಾಗ'. ಕರಪತ್ರದ ಸಾಲನ್ನು ಹಾಗೇ ನಕಲು ಮಾಡಿದ್ದರೆ '50 ಕೆ.ಜಿ. ರಂಜಕ' ಎಂಬುದನ್ನು '50 ಕೆ.ಜಿ. ಡಿ.ಎ.ಪಿ.' ಎಂದು ಓದಿಕೊಂಡು ಒಂದು ಹೆಕ್ಟೇರ್‌ಗೆ ಒಂದೇ ಚೀಲ ಹಾಕುವ ಸಾಧ್ಯತೆಯಿತ್ತು. ಆಗ ಬೆಳೆಗೆ ಸಿಗುವುದು ಬೇಕಾದ ರಂಜಕದ ಅರ್ಧಕ್ಕಿಂತ ಕಡಿಮೆ. ಬೀಜೋಪಚಾರವೂ ಹಾಗೆಯೇ. ಕರಪತ್ರದಲ್ಲಿ 'ಕೆ.ಜಿ. ಬೀಜಕ್ಕೆ 4 ಗ್ರಾಂ ಟ್ರೈಕೊಡರ್ಮಾ' ಎಂದಿತ್ತು. ಎಕರೆಗೆ 5 ಕೆ.ಜಿ. ಬೀಜದ ಲೆಕ್ಕದಲ್ಲಿ ನಾಲ್ಕು ಎಕರೆಗೆ 20 ಕೆ.ಜಿ. ಬೀಜ, 80 ಗ್ರಾಂ ಟ್ರೈಕೊಡರ್ಮಾ. ಗೋಡೆಯ ಹಾಳೆಯಲ್ಲಿ ಬರೆದದ್ದು ಆ 80 ಗ್ರಾಂ ಅನ್ನು.

ನಾಲ್ಕು ಬಗೆಯ ಕಾಲ

ಅಂಕಿಗಳು ಸರಿಹೋದ ಮೇಲೆ ನಿಜವಾದ ಸಮಸ್ಯೆ ಎದುರಾಯಿತು. ಎಲ್ಲ ಸೂಚನೆಗಳನ್ನೂ ಒಂದು ಪಟ್ಟಿ ಮಾಡಿ, ಪಕ್ಕದಲ್ಲಿ ಅದು ಯಾವಾಗ ಎಂದು ಬರೆಯುತ್ತಾ ಹೋದೆ. ಕಾಕಾ ಅದನ್ನು ನೋಡಿ ಕೇಳಿದ ಒಂದು ಪ್ರಶ್ನೆ ಇಡೀ ಕೆಲಸದ ದಿಕ್ಕು ಬದಲಿಸಿತು: 'ಇದು ಬಿತ್ತಿದ ಮ್ಯಾಲೆ ಇಷ್ಟು ದಿನ, ಅಷ್ಟು ದಿನ ಅಂತ ಹೇಳ್ತದ. ನಾವು ಯಾವತ್ತ ಬಿತ್ತೀವಿ ಅಂತ ಇದಕ್ಕೇನ್ ಗೊತ್ತದ?'

ಪಟ್ಟಿಯನ್ನು ಮತ್ತೆ ನೋಡಿದೆ. ಕರಪತ್ರದಲ್ಲಿ ಕಾಲವನ್ನು ಹೇಳುವ ರೀತಿ ಒಂದಲ್ಲ, ನಾಲ್ಕಿತ್ತು. ಒಂದು, ನೇರವಾಗಿ ತಿಂಗಳು ಹೇಳುವುದು: 'ಬೇಸಿಗೆಯಲ್ಲಿ ಆಳವಾಗಿ ಉಳುಮೆ ಮಾಡಿ', 'ಜೂನ್‌ನಿಂದ ಜುಲೈ ಮಧ್ಯದವರೆಗೆ ಬಿತ್ತಿ'. ಎರಡು, ಬಿತ್ತಿದ ದಿನದಿಂದ ಎಣಿಸುವುದು: '25-30ನೇ ದಿನ ಎಡೆ ಹೊಡೆಯಿರಿ', '45-50ನೇ ದಿನ ಕುಡಿ ಚಿವುಟಿ'. ಮೂರು, ಬೆಳೆಯ ಹಂತ ಹೇಳುವುದು: 'ಶೇ 50ರಷ್ಟು ಹೂವಾದಾಗ', 'ಕಾಯಿ ಒಣಗಿದಾಗ'. ನಾಲ್ಕು, ಷರತ್ತು ಹಾಕುವುದು: 'ಗಿಡಕ್ಕೆ 2 ಮೊಟ್ಟೆ ಅಥವಾ 1 ಹುಳು ಕಂಡರೆ ಸಿಂಪಡಿಸಿ'.

ಈ ನಾಲ್ಕನ್ನೂ ಒಂದೇ ರೀತಿ ತಿಂಗಳ ಚೌಕದಲ್ಲಿ ಕೂರಿಸಿದರೆ ಹಾಳೆ ನೋಡಲು ಚಂದವಾಗಿ ಕಾಣುತ್ತದೆ. ಆದರೆ ಅದು ಹೇಳುವುದು ಸುಳ್ಳು. ಮೊದಲನೆಯದಕ್ಕೆ ಮಾತ್ರ ತಿಂಗಳು ಗೊತ್ತು. ಎರಡನೆಯದಕ್ಕೆ ಬಿತ್ತಿದ ದಿನಾಂಕ ಬೇಕು. ಮೂರನೆಯದಕ್ಕೆ ಹೊಲವನ್ನೇ ನೋಡಬೇಕು. ನಾಲ್ಕನೆಯದು ಕೆಲಸವೇ ಅಲ್ಲ, ಅದೊಂದು ತಪಾಸಣೆ. ಕಂಡರೆ ಕೆಲಸ, ಕಾಣದಿದ್ದರೆ ಇಲ್ಲ.

ದಿನ ಎಣಿಸುವ ಲೆಕ್ಕ

ಎರಡನೇ ಬಗೆಗೆ ಸ್ಪ್ರೆಡ್‌ಶೀಟ್ ಸಾಕು. ಮೇಲಿನ ಒಂದು ಚೌಕದಲ್ಲಿ ಬಿತ್ತಿದ ದಿನಾಂಕ ಬರೆದು, ಉಳಿದ ಸಾಲುಗಳು ಅದನ್ನೇ ನೋಡುವ ಹಾಗೆ ಮಾಡುವುದು:

```
=$B$1+45
=$B$1+50
```

ಕಾಕಾ ಬಿತ್ತಿದ್ದು ಜೂನ್ 24ಕ್ಕೆ. ಎಡೆ ಹೊಡೆಯುವ 25-30ನೇ ದಿನ ಅಂದರೆ ಜುಲೈ 19ರಿಂದ 24. ಕುಡಿ ಚಿವುಟುವ 45-50ನೇ ದಿನ ಆಗಸ್ಟ್ 8ರಿಂದ 13. ಕುಡಿ ಚಿವುಟುವುದು ಎಂದರೆ ಗಿಡದ ತುದಿಯನ್ನು ಕೆಲವು ಸೆಂಟಿಮೀಟರ್ ತೆಗೆಯುವುದು. ತುದಿ ಹೋದ ಮೇಲೆ ಪಕ್ಕದ ಕೊಂಬೆಗಳು ಒಡೆಯುತ್ತವೆ, ಹೂವು ಕಾಯಿ ಕೂರುವ ಜಾಗ ಹೆಚ್ಚುತ್ತದೆ. ಗಿಡ ಇನ್ನೂ ಬೆಳೆಯುವ ಹಂತದಲ್ಲಿದ್ದಾಗ ಮಾತ್ರ ಇದರಿಂದ ಲಾಭ. ಮೊಗ್ಗು ಬಂದ ಮೇಲೆ ಚಿವುಟಿದರೆ ಹೋಗುವುದು ಮೊಗ್ಗೇ.

ಈಗ ಅದೇ ಊರಿನಲ್ಲಿ ಜುಲೈ 15ಕ್ಕೆ ಬಿತ್ತಿದವರನ್ನು ನೋಡಿ. ಅವರ 45-50ನೇ ದಿನ ಬರುವುದು ಆಗಸ್ಟ್ 29ರಿಂದ ಸೆಪ್ಟೆಂಬರ್ 3. ಕಾಕಾನ ಗೋಡೆಯ ಹಾಳೆ ನೋಡಿ ಆಗಸ್ಟ್ ಎರಡನೇ ವಾರವೇ ಚಿವುಟಲು ಹೊರಟರೆ ಅವರ ಗಿಡಕ್ಕೆ ಇನ್ನೂ ನಾಲ್ಕು ವಾರದ ವಯಸ್ಸು. ಒಂದೇ ಊರು, ಒಂದೇ ಬೆಳೆ, ಒಂದೇ ಕರಪತ್ರ, ಆದರೂ ಒಬ್ಬರ ಕ್ಯಾಲೆಂಡರ್ ಇನ್ನೊಬ್ಬರಿಗೆ ಆಗುವುದಿಲ್ಲ. ಇಂತಹ ಹಾಳೆಗಳು ಫೋಟೊ ಆಗಿ ಗುಂಪಿನಿಂದ ಗುಂಪಿಗೆ ಹೋಗುತ್ತವೆ ಎಂಬುದು ನಮಗೆಲ್ಲ ಗೊತ್ತು. ಆದ್ದರಿಂದ ಹಾಳೆಯ ತಲೆಯ ಮೇಲೆ ದಪ್ಪ ಅಕ್ಷರದಲ್ಲಿ ಹೀಗೆ ಬರೆದೆ: 'ಜೂನ್ 24ಕ್ಕೆ ಬಿತ್ತಿದ ಹೊಲಕ್ಕೆ ಮಾತ್ರ'. ಇಡೀ ಹಾಳೆಯಲ್ಲಿ ಇದಕ್ಕಿಂತ ಮುಖ್ಯವಾದ ಸಾಲು ಇನ್ನೊಂದಿಲ್ಲ.

ಇನ್ನೊಂದು ವಿಷಯ. ಒಂದೇ ದಿನಾಂಕ ಬರೆಯದೆ 'ಜುಲೈ 19ರಿಂದ 24' ಎಂದು ಅವಧಿ ಬರೆಯಬೇಕು. ಕಪ್ಪು ಮಣ್ಣು ಮಳೆ ಕುಡಿದರೆ ದಿನಗಟ್ಟಲೆ ಎತ್ತು, ಕುಂಟೆ ಒಳಗಿಳಿಯುವುದಿಲ್ಲ. ಹದ ಬಂದ ದಿನವೇ ಎಡೆ ಹೊಡೆಯುವ ದಿನ. ಅವಧಿ ಕೊಟ್ಟರೆ ಆ ಹದವನ್ನು ರೈತರೇ ಹುಡುಕಿಕೊಳ್ಳುತ್ತಾರೆ.

ತಿಂಗಳಿಗಿಂತ ಮಳೆ ಹತ್ತಿರ

ಹನ್ನೆರಡು ತಿಂಗಳ ಚೌಕ ಹಾಕಿ ತೋರಿಸಿದಾಗ ಕಾಕಾ ಅದನ್ನು ಮನಸ್ಸಿನಲ್ಲೇ ಬೇರೆ ಭಾಷೆಗೆ ತಿರುಗಿಸಿಕೊಳ್ಳುತ್ತಿದ್ದರು. 'ಆಗಸ್ಟ್ ಎಂಟು ಅಂದ್ರ ಆಶ್ಲೇಷ ಮಳಿ. ಹಂಗ ಬರಿ.' ನಮ್ಮ ಕಡೆ ಹೊಲದ ಲೆಕ್ಕ ನಡೆಯುವುದು ಮಳೆ ನಕ್ಷತ್ರಗಳ ಮೇಲೆ. ಇದನ್ನು ಹಳೆಯ ನಂಬಿಕೆ ಎಂದು ಬದಿಗಿಡುವ ಮೊದಲು ಗಣಿತ ನೋಡಿ. ಸೂರ್ಯ ವರ್ಷದಲ್ಲಿ 27 ನಕ್ಷತ್ರಗಳನ್ನು ದಾಟುತ್ತಾನೆ. 365ನ್ನು 27ರಿಂದ ಭಾಗಿಸಿದರೆ ಹದಿಮೂರೂವರೆ ದಿನ. ಆಷಾಢ, ಶ್ರಾವಣದಂತಹ ಚಾಂದ್ರಮಾನ ತಿಂಗಳುಗಳು ವರ್ಷದಿಂದ ವರ್ಷಕ್ಕೆ ಸರಿದಾಡುತ್ತವೆ. ಮಳೆ ನಕ್ಷತ್ರ ಸೂರ್ಯನದ್ದಾದ್ದರಿಂದ ಪ್ರತಿವರ್ಷ ಹೆಚ್ಚುಕಡಿಮೆ ಅದೇ ತಾರೀಖಿಗೆ ಬರುತ್ತದೆ. ಮೃಗಶಿರಾ ಜೂನ್ 8ರ ಸುಮಾರಿಗೆ, ಆರಿದ್ರಾ ಜೂನ್ 22, ಪುನರ್ವಸು ಜುಲೈ 6, ಪುಷ್ಯ ಜುಲೈ 20, ಆಶ್ಲೇಷ ಆಗಸ್ಟ್ 3. ಒಂದು ದಿನ ಆಚೀಚೆ ಆಗಬಹುದು, ಅಷ್ಟೆ.

ಅಂದರೆ ಎರಡು ವಾರಕ್ಕೊಂದು ಚೌಕ ಇರುವ, ವರ್ಷ ವರ್ಷ ಬದಲಾಗದ ಕ್ಯಾಲೆಂಡರ್ ರೈತರ ಬಳಿ ಮೊದಲೇ ಇದೆ. 'ತಿಂಗಳು' ಎಂಬ ಚೌಕ ಬೇಸಾಯಕ್ಕೆ ತುಂಬ ದೊಡ್ಡದು. ಎಡೆ ಹೊಡೆಯುವ ಅವಧಿ ಐದಾರು ದಿನದ್ದು, ಅದನ್ನು 'ಜುಲೈ' ಎಂದು ಬರೆದರೆ ಏನೂ ಹೇಳಿದಂತಾಗುವುದಿಲ್ಲ. ಹಾಗಾಗಿ ಪ್ರತಿ ತಿಂಗಳನ್ನೂ ಎರಡು ಸಾಲು ಮಾಡಿ, ಪಕ್ಕದ ಕಾಲಂನಲ್ಲಿ ಮಳೆಯ ಹೆಸರು ಹಾಕಿದೆ. ಆಮೇಲೆ ಕಾಕಾ ಹಾಳೆಯನ್ನು ನನ್ನ ಸಹಾಯವಿಲ್ಲದೆ ಓದತೊಡಗಿದರು.

ಹೂವಿಗೆ ತಾರೀಖು ಬರೆಯಬಾರದು

ಮೂರನೇ ಬಗೆಯಲ್ಲಿ ನನಗೊಂದು ಆಸೆ ಹುಟ್ಟಿತ್ತು. ಕಾಕಾ ಬಿತ್ತಿದ್ದು ಟಿ.ಎಸ್.-3ಆರ್, ಸುಮಾರು 150 ದಿನದ ತಳಿ. ಜೂನ್ 24ರಿಂದ 150 ದಿನ ಎಣಿಸಿದರೆ ನವೆಂಬರ್ 21. ಹಿಂದಕ್ಕೆ ಎಣಿಸಿ ಹೂವಿಗೂ ಒಂದು ತಾರೀಖು ಕೊಟ್ಟುಬಿಡಬಹುದಲ್ಲ? ಆದರೆ ತೊಗರಿ ಹಗಲಿನ ಉದ್ದವನ್ನು ನೋಡಿ ಹೂವಾಡುವ ಬೆಳೆ. ಹಗಲು ಕುಗ್ಗುತ್ತಾ ಬಂದ ಹಾಗೆ ಅದು ಹೂವಿಗೆ ತಿರುಗುತ್ತದೆ. ಮೂರು ವಾರ ತಡವಾಗಿ ಬಿತ್ತಿದರೆ ಹೂವು ಪೂರ್ತಿ ಮೂರು ವಾರ ತಡವಾಗುವುದಿಲ್ಲ. ಗಿಡ ಬೆಳೆಯುವ ಕಾಲವೇ ಮೊಟಕಾಗಿ, ಕುಳ್ಳಗಿದ್ದಾಗಲೇ ಹೂವಾಡುತ್ತದೆ. ತಳಿ ಬೇರೆಯಾದರೆ ಇನ್ನೂ ಮೂರ್ನಾಲ್ಕು ವಾರದ ವ್ಯತ್ಯಾಸ ಬರಬಹುದು. ಹಾಗಾಗಿ ದಿನ ಎಣಿಸುವ ಸೂತ್ರ ಇಲ್ಲಿ ನಡೆಯುವುದಿಲ್ಲ.

ನಾನು ಮಾಡಿದ್ದಿಷ್ಟು. 'ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್' ಎಂಬ ಸಾಲಿನಲ್ಲಿ 'ಅರ್ಧದಷ್ಟು ಗಿಡ ಹೂವಾದ ದಿನ: ______' ಎಂದು ಖಾಲಿ ಗೆರೆ ಬಿಟ್ಟೆ. ಅದನ್ನು ಕಾಕಾ ಪೆನ್ನಿನಲ್ಲಿ ತುಂಬಬೇಕು. ಕರಪತ್ರದ ಪ್ರಕಾರ ಮೊದಲ ಸಿಂಪಡಣೆಯ ತೀರ್ಮಾನ ಆ ಹೊತ್ತಿಗೆ, ಮುಂದಿನದು ಅದಾದ 15 ದಿನಕ್ಕೆ. ಅಂದರೆ ಎರಡನೆಯ ದಿನಾಂಕ ಬಿತ್ತನೆಗೆ ಕಟ್ಟಿಕೊಂಡದ್ದಲ್ಲ, ಮೊದಲ ಸಿಂಪಡಣೆ ನಿಜವಾಗಿ ಆದ ದಿನಕ್ಕೆ. ಮೊಬೈಲ್‌ನಲ್ಲಿರುವ ಪ್ರತಿಯಲ್ಲಿ ಅದು ಹೀಗಿದೆ:

```
=IF(B7="","",B7+15)
```

ಮೊದಲ ಸಿಂಪಡಣೆಯ ದಿನ ತುಂಬುವವರೆಗೆ ಎರಡನೆಯ ಚೌಕ ಖಾಲಿಯೇ ಇರುತ್ತದೆ. ಗೊತ್ತಿಲ್ಲದ ದಿನಾಂಕವನ್ನು ತೋರಿಸದಿರುವುದೂ ಕ್ಯಾಲೆಂಡರ್‌ನ ಕೆಲಸವೇ.

'ಮಾಡು' ಮತ್ತು 'ನೋಡು'

ಉಳಿದದ್ದು ಷರತ್ತಿನ ಸಾಲುಗಳು. ಇಲ್ಲಿಯೇ ಹಣವೂ ಬೆಳೆಯೂ ಪಣಕ್ಕಿರುವುದು. ಕಾಯಿಕೊರಕದ ಚಿಟ್ಟೆ ಮೊಗ್ಗು, ಹೂವುಗಳ ಮೇಲೆ ಮೊಟ್ಟೆಯಿಡುತ್ತದೆ. ಕೆಲವೇ ದಿನಗಳಲ್ಲಿ ಮೊಟ್ಟೆ ಒಡೆದು ಹುಳು ಬರುತ್ತದೆ. ಸಣ್ಣದಿದ್ದಾಗ ಹತೋಟಿ ಸುಲಭ. ದೊಡ್ಡದಾಗಿ ಕಾಯಿಗೆ ತಲೆ ತೂರಿಸಿದ ಮೇಲೆ ಔಷಧ ಅದನ್ನು ಮುಟ್ಟುವುದು ಕಷ್ಟ. ಹಾಗಾಗಿ 'ಅಕ್ಟೋಬರ್ 5: ಔಷಧ ಸಿಂಪಡಣೆ' ಎಂದು ಬರೆದಿಟ್ಟರೆ ಎರಡು ರೀತಿಯಲ್ಲಿ ಕೆಡಬಹುದು. ಹುಳುವೇ ಇಲ್ಲದಿದ್ದರೂ ದುಡ್ಡು ಸುರಿಯುವುದು, ಇಲ್ಲವೇ ಹುಳು ಒಂದು ವಾರ ಮೊದಲೇ ಬಂದಿದ್ದರೂ ಅಕ್ಟೋಬರ್ 5ಕ್ಕಾಗಿ ಕಾಯುತ್ತಾ ಕೂರುವುದು.

ಇದಕ್ಕೆ ಹಾಳೆಯಲ್ಲಿ ಎರಡು ಕಾಲಂ ಮಾಡಿದೆ, 'ಮಾಡು' ಮತ್ತು 'ನೋಡು'. ಮೊಗ್ಗು ಕಂಡ ದಿನದಿಂದ 'ನೋಡು' ಕಾಲಂನಲ್ಲಿ ವಾರಕ್ಕೆರಡು ಚೌಕ. ನೋಡುವ ವಿಧಾನವನ್ನೂ ಅಲ್ಲಿಯೇ ಬರೆದೆ: ಹೊಲದ ಐದು ಕಡೆ, ಒಂದೊಂದು ಕಡೆ ಐದು ಗಿಡ, ಒಟ್ಟು 25 ಗಿಡದಲ್ಲಿ ಹುಳು, ಮೊಟ್ಟೆ ಎಣಿಸುವುದು. 25 ಗಿಡಕ್ಕೆ 14 ಹುಳು ಸಿಕ್ಕಿದವು ಎನ್ನಿ, ಗಿಡಕ್ಕೆ ಸರಾಸರಿ ಅರ್ಧಕ್ಕಿಂತ ತುಸು ಹೆಚ್ಚು. ಮಿತಿ ಗಿಡಕ್ಕೆ ಒಂದು. ಇನ್ನೂ ಸಿಂಪಡಿಸುವ ಹಾಗಿಲ್ಲ, ಆದರೆ ಮತ್ತೆ ನೋಡುವುದನ್ನು ತಪ್ಪಿಸುವ ಹಾಗೂ ಇಲ್ಲ. 25 ದಾಟಿದರೆ ಸಿಂಪಡಣೆ. ಮೊಟ್ಟೆಗಳಾದರೆ ಮಿತಿ 50. ಸರಾಸರಿ ಲೆಕ್ಕ ಹಾಕುವ ಗೊಡವೆಯೇ ಬೇಡವೆಂದು ಹಾಳೆಯಲ್ಲಿ '25 ಹುಳು ಅಥವಾ 50 ಮೊಟ್ಟೆ' ಎಂದೇ ಬರೆದೆ. ಗಿಡ ಅಲ್ಲಾಡಿಸಿ ಕೆಳಗೆ ಹಾಸಿದ ತಾಡಪತ್ರಿಯ ಮೇಲೆ ಹುಳು ಬೀಳಿಸಿ ನಾಶಮಾಡುವ ಪದ್ಧತಿ ನಮ್ಮ ಕಡೆ ಇದೆ. ಅದನ್ನೂ ಇಲ್ಲಿ ಸೇರಿಸಿದೆ.

ನೆಟೆ ರೋಗ, ಗೊಡ್ಡು ರೋಗದ ಸಾಲುಗಳೂ 'ನೋಡು' ಕಾಲಂಗೆ ಹೋದವು. ಆದರೆ ನೆಟೆ ರೋಗದ ಶಿಲೀಂಧ್ರ ಇರುವುದು ಮಣ್ಣಿನಲ್ಲಿ. ಗಿಡ ಬಾಡಿದ ಮೇಲೆ ಮಾಡಲು ಹೆಚ್ಚೇನೂ ಉಳಿದಿರುವುದಿಲ್ಲ. ಅದರ ನಿಜವಾದ 'ಮಾಡು' ಇರುವುದು ಮೇ ತಿಂಗಳಲ್ಲಿ: ರೋಗ ತಡೆಯುವ ತಳಿ ಆರಿಸುವುದು, ಟ್ರೈಕೊಡರ್ಮಾ ತಂದಿಡುವುದು. ವಿಷಯವಾರು ಕರಪತ್ರದಲ್ಲಿ ರೋಗ ಕೊನೆಯ ಪುಟದಲ್ಲಿತ್ತು. ತಿಂಗಳವಾರು ಹಾಳೆಯಲ್ಲಿ ಅದು ಮೊದಲ ಸಾಲಿಗೆ ಬಂತು. ಹೀಗೆ ಮರುಜೋಡಣೆ ಮಾಡಿದಾಗಲೇ ಇದು ಕಣ್ಣಿಗೆ ಬಿದ್ದದ್ದು.

ಕೊನೆಗೆ ಹಾಳೆ ಹೀಗಾಯಿತು

ಏಪ್ರಿಲ್–ಮೇ: ಆಳವಾದ ಉಳುಮೆ. ಮಣ್ಣಿನ ಮಾದರಿ ಅರ್ಧ ಕೆ.ಜಿ. ಪರೀಕ್ಷೆಗೆ. ತಳಿ ನಿರ್ಧಾರ. ಡಿ.ಎ.ಪಿ. ನಾಲ್ಕು ಚೀಲ, ಟ್ರೈಕೊಡರ್ಮಾ 80 ಗ್ರಾಂ ತಂದಿಡುವುದು.

ಜೂನ್ ಮೊದಲರ್ಧ, ಮೃಗಶಿರಾ: ಒದ್ದೆ ಬಟ್ಟೆಯಲ್ಲಿ 100 ಬೀಜ ಕಟ್ಟಿಟ್ಟು ಮೊಳಕೆ ಎಣಿಸುವುದು. 75ಕ್ಕಿಂತ ಕಡಿಮೆಯಾದರೆ ಬೇರೆ ಬೀಜ.

ಜೂನ್ ಕೊನೆ, ಆರಿದ್ರಾ: ಬೀಜೋಪಚಾರ, ಬಿತ್ತನೆ, ಗೊಬ್ಬರ. ಬಿತ್ತಿದ ದಿನ ಜೂನ್ 24.

ಜುಲೈ 19–24, ಪುನರ್ವಸು ಮುಗಿದು ಪುಷ್ಯ: ಹದ ನೋಡಿ ಎಡೆ ಹೊಡೆಯುವುದು.

ಆಗಸ್ಟ್ 8–13, ಆಶ್ಲೇಷ: ಕುಡಿ ಚಿವುಟುವುದು. ಮೊಗ್ಗು ಕಂಡರೆ ಬೇಡ.

ಸೆಪ್ಟೆಂಬರ್–ಅಕ್ಟೋಬರ್: ವಾರಕ್ಕೆರಡು ಸಲ 25 ಗಿಡ ನೋಡುವುದು. ಹೂವಾದ ದಿನ, ಸಿಂಪಡಿಸಿದ ದಿನ ಬರೆಯಲು ಖಾಲಿ ಗೆರೆ.

ನವೆಂಬರ್ ಮೂರನೇ ವಾರದಿಂದ: ಕಾಯಿ ಒಣಗಿದ್ದು ನೋಡಿ ಕೊಯ್ಲು.

ಮೇ ತಿಂಗಳ ಸಾಲಿನಲ್ಲಿರುವ 'ತಂದಿಡುವುದು' ಎಂಬ ಪದ ಕರಪತ್ರದಲ್ಲಿ ಎಲ್ಲೂ ಇರಲಿಲ್ಲ. ಮಳೆ ಬಿದ್ದ ಮರುದಿನ ಇಡೀ ತಾಲ್ಲೂಕು ಅಂಗಡಿಯ ಮುಂದೆ ನಿಂತಿರುತ್ತದೆ. ಹಾಗಾಗಿ ಬಿತ್ತುವ ದಿನದ ಪ್ರತಿ ಸಾಮಗ್ರಿಗೂ ಹಿಂದೆ ಒಂದು ಖರೀದಿಯ ಸಾಲು ಬೇಕಾಗುತ್ತದೆ.

ಗೋಡೆಗೆ ಹಚ್ಚುವ ಮೊದಲು ಎರಡು ತಪಾಸಣೆ ಬಾಕಿಯಿತ್ತು. ಒಂದು, ಕರಪತ್ರ ಅಚ್ಚಾದ ವರ್ಷ. ಹಳೆಯ ತೊಗರಿ ಕರಪತ್ರಗಳಲ್ಲಿ ಎಂಡೊಸಲ್ಫಾನ್ ಹೆಸರು ಸಾಮಾನ್ಯವಾಗಿತ್ತು. 2011ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ನಿಷೇಧಿಸಿತು. ವರ್ಷ ನೋಡದೆ ನಕಲು ಮಾಡಿದರೆ ನಿಷೇಧಿತ ಔಷಧವೂ ಹೊಸ ಹಾಳೆಯಲ್ಲಿ ಹೊಸದಾಗಿ ಕಾಣುತ್ತದೆ. ಎರಡು, ಬರೆದ ಹಾಳೆಯನ್ನು ರೈತ ಸಂಪರ್ಕ ಕೇಂದ್ರದಲ್ಲಿ ಕೃಷಿ ಅಧಿಕಾರಿಗೆ ತೋರಿಸುವುದು. ಹೋಗಲಾಗದಿದ್ದರೆ ಕಿಸಾನ್ ಕಾಲ್ ಸೆಂಟರ್‌ನ 1800-180-1551ಕ್ಕೆ ಕರೆ ಮಾಡಿ ಕನ್ನಡದಲ್ಲೇ ಕೇಳಬಹುದು. ನಾವು ಹಾಳೆ ತೋರಿಸಿದ ಅಧಿಕಾರಿ ಒಂದೇ ಒಂದು ಬದಲಾವಣೆ ಸೂಚಿಸಿದರು. ಪ್ರತಿ ಸಿಂಪಡಣೆಯ ಸಾಲಿನ ಪಕ್ಕ, ಸಿಂಪಡಿಸಿದ ಮೇಲೆ ಕೊಯ್ಲಿಗೆ ಎಷ್ಟು ದಿನ ಬಿಡಬೇಕೆಂದು ಪೊಟ್ಟಣ ನೋಡಿ ಬರೆದುಕೊಳ್ಳಲು ಇನ್ನೊಂದು ಖಾಲಿ ಗೆರೆ.

ಬರುವ ಜೂನ್‌ನಲ್ಲಿ ಮಳೆ ಬೇರೆ ದಿನ ಬೀಳುತ್ತದೆ, ಬಿತ್ತನೆಯೂ ಬೇರೆ ದಿನ. ಗೋಡೆಯ ಹಾಳೆ ಅವತ್ತಿಗೆ ಹಳತಾಗುತ್ತದೆ. ಆಗ ಬದಲಾಯಿಸಬೇಕಾದ್ದು `B1` ಎಂಬ ಒಂದು ಚೌಕ. ಆಮೇಲೆ ಮತ್ತೊಂದು ಪ್ರಿಂಟ್.